ಪ್ಲಸ್ ಅಂದ್ರೆ ಲಾಭಕ್ಕೆ ಒಳ್ಳೇದು: ತಿಂಗಳ ರಿಪೋರ್ಟಿನ ವೇರಿಯನ್ಸ್ ತಾಳೆ ನೋಡಿದ ನನ್ನ ಅನುಭವ

ಮೈಸೂರಿನ ಒಂದು ಅಗರಬತ್ತಿ ಕಾರ್ಖಾನೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಬಜೆಟ್ಟಿಗೂ ಆಗಿದ್ದಕ್ಕೂ ಇರುವ ವ್ಯತ್ಯಾಸ, ಅಂದರೆ ವೇರಿಯನ್ಸ್, ಲಾಭಕ್ಕೆ ಒಳ್ಳೇದಾದರೆ ಪ್ಲಸ್, ಕೆಟ್ಟದ್ದಾದರೆ ಮೈನಸ್ ಬರುವ ಹಾಗೆ ತಿಂಗಳ ರಿಪೋರ್ಟಿಗೆ ಸೈನ್ ಕಾಲಂ ಹಾಕೋಣ ಅಂದಾಗ ನಮ್ಮ ಹಿರಿಯ ಅಕೌಂಟೆಂಟ್ ಒಪ್ಪಲಿಲ್ಲ. "ಖರ್ಚು ಜಾಸ್ತಿ ಆದ್ರೆ ಪ್ಲಸ್ ತಾನೇ ಬರಬೇಕು? ಮೈನಸ್ ಹಾಕಿದ್ರೆ ಯಜಮಾನ್ರಿಗೆ ಗೊಂದಲ ಆಗುತ್ತಪ್ಪ" ಅಂದರು. ಈಗ ಎಂಟು ತಿಂಗಳಿಂದ ಅದೇ ಕಾಲಂನಲ್ಲಿ ರಿಪೋರ್ಟ್ ಹೋಗುತ್ತಿದೆ.

ಮೊದಲು ಏನಾಗಿತ್ತು ಹೇಳುತ್ತೇನೆ. ಹೊರಗಿನವರೊಬ್ಬರಿಗೆ ಹದಿನೆಂಟು ಸಾವಿರ ಕೊಟ್ಟು ಶೀಟ್ ಮಾಡಿಸಿದ್ದರು. ಎಲ್ಲ ಸಾಲಿಗೂ ಆ್ಯಕ್ಚುಯಲ್‌ನಿಂದ ಬಜೆಟ್ ಕಳೆದು, ಬಜೆಟ್‌ನಿಂದ ಭಾಗಿಸಿದ್ದರು. ಮಳೆಗಾಲದಲ್ಲಿ ತೇವ ಹಿಡಿದ ಮಾಲು ವಾಪಸ್ ಬರತೊಡಗಿತು. ಸೇಲ್ಸ್ ರಿಟರ್ನ್ ನಮ್ಮಲ್ಲಿ ಮೈನಸ್ ಅಂಕಿಯಾಗಿಯೇ ಇರುತ್ತದೆ. ಬಜೆಟ್ -2 ಲಕ್ಷ, ಆಗಿದ್ದು -3.5 ಲಕ್ಷ. ವ್ಯತ್ಯಾಸ -1.5. ಅದನ್ನು -2ರಿಂದ ಭಾಗಿಸಿದರೆ +75%! ಯಜಮಾನ್ರು ನೋಡುವುದು ಪರ್ಸೆಂಟ್ ಕಾಲಂ ಒಂದೇ. ಎಪ್ಪತ್ತೈದು ಪ್ಲಸ್ ಇದೆಯಲ್ಲ ಅಂತ ಮುಂದೆ ಹೋದರು. ಪ್ಯಾಕಿಂಗ್ ಕವರ್ ಸರಿಯಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ಇನ್ನೆರಡು ತಿಂಗಳು ಕಳೆದು, ಸುಮಾರು ನಾಲ್ಕು ಲಕ್ಷದ ಮಾಲು ಹಾಳಾಗಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಾನು ಮಾಡಿದ್ದು ಇಷ್ಟೇ. ಪ್ಲಸ್ ಬಂದರೆ ಲಾಭಕ್ಕೆ ಒಳ್ಳೇದು, ಮೈನಸ್ ಬಂದರೆ ಕೆಟ್ಟದ್ದು. ಇಡೀ ರಿಪೋರ್ಟಿಗೆ ಒಂದೇ ನಿಯಮ. ಆದಾಯದ ಸಾಲಿಗೆ (ರಿಟರ್ನ್ ಸೇರಿಸಿ) 1, ಖರ್ಚಿನ ಸಾಲಿಗೆ -1. B ಬಜೆಟ್, C ಆ್ಯಕ್ಚುಯಲ್, D ವೇರಿಯನ್ಸ್, E ಸೈನ್. ಮೊದಲ ಸೂತ್ರ D ಕಾಲಂಗೆ, ಎರಡನೇದು ಪರ್ಸೆಂಟ್ ಕಾಲಂಗೆ:

```
=(C5-B5)*E5
=IF(B5=0,"-",D5/ABS(B5))
```

ABS ಹಾಕಿದ ಮೇಲೆ ರಿಟರ್ನ್ -75% ಅಂತ ತೋರಿಸಿತು. ಬಜೆಟ್ಟೇ ನಷ್ಟ ಇರುವ ತಿಂಗಳಲ್ಲೂ ಇದು ಕೈ ಹಿಡಿಯುತ್ತದೆ. ಆದರೆ ನಷ್ಟದ ಬಜೆಟ್ ಇದ್ದು ಲಾಭ ಬಂದರೆ ನಾನು ಪರ್ಸೆಂಟ್ ಹಾಕುವುದೇ ಇಲ್ಲ. ಬಜೆಟ್ -1, ಬಂದಿದ್ದು +2 ಆದರೆ 300% ಅಂತ ಬರುತ್ತದೆ, ಅದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ಆ ಜಾಗದಲ್ಲಿ ಮಾತಿನಲ್ಲೇ ಬರೆಯುತ್ತೇನೆ.

ಇನ್ನು ತಾಳೆ ನೋಡುವುದು. ಎಲ್ಲ ಸಾಲಿನ ವೇರಿಯನ್ಸ್ ಕೂಡಿದರೆ ಲಾಭದ ವೇರಿಯನ್ಸೇ ಬರಬೇಕು. ದಸರಾಗೆ ಮುಂಚಿನ ತಿಂಗಳ ಅಂಕಿ, ನೆನಪಿನಿಂದ, ಲಕ್ಷದಲ್ಲಿ: ಸೇಲ್ಸ್ ಬಜೆಟ್ 80, ಆಗಿದ್ದು 84, ವೇರಿಯನ್ಸ್ +4. ರಿಟರ್ನ್ -1.5. ಕಚ್ಚಾ ಮಾಲು 44ಕ್ಕೆ 47, ಅಂದರೆ -3. ಕೂಲಿ +0.8, ಲಾರಿ ಬಾಡಿಗೆ -1.1, ಇತರೆ ಖರ್ಚು +0.5. ಎಲ್ಲ ಕೂಡಿದರೆ -0.3. ಲಾಭದ ಬಜೆಟ್ 6, ಬಂದಿದ್ದು 5.7. ಅದೂ -0.3. ತಾಳೆ ಆಯಿತು. ಹಳೇ ಶೀಟಿನಲ್ಲಿ ಇದೇ ಕಾಲಂ ಕೂಡಿದರೆ +5.3 ಬರುತ್ತಿತ್ತು, ಅದಕ್ಕೆ ಅರ್ಥವೇ ಇಲ್ಲ. ಒಂದು ಎಚ್ಚರ: 5.7 ಅನ್ನು ಅದೇ ಶೀಟಿನಿಂದ ತೆಗೆದುಕೊಳ್ಳಬೇಡಿ. ಟ್ಯಾಲಿಯ ಲಾಭ-ನಷ್ಟ ಪಟ್ಟಿಯಿಂದ ನೇರವಾಗಿ ಟೈಪ್ ಮಾಡಿ. ಬಜೆಟ್ಟಿನ 6 ಸಹಿ ಆದ ಪ್ರತಿಯಿಂದ ಬರಲಿ.

ತಾಳೆ ಆಗದಿದ್ದರೆ ನಾನು ಮೊದಲು ನೋಡುವುದು ಎಷ್ಟು ವ್ಯತ್ಯಾಸ ಅಂತ. ಒಮ್ಮೆ ಮೊತ್ತ +1.9 ಬಂತು. -0.3 ಬರಬೇಕಿತ್ತು, ವ್ಯತ್ಯಾಸ 2.2. ಅದರ ಅರ್ಧ 1.1. ಲಾರಿ ಬಾಡಿಗೆ! ಹೊಸ ಹುಡುಗ ಅಲ್ಲಿ -1 ಬದಲು 1 ಹಾಕಿದ್ದ. ಸೈನ್ ತಿರುಗಿದರೆ ಯಾವಾಗಲೂ ಆ ಸಾಲಿನ ಎರಡರಷ್ಟು ತಪ್ಪುತ್ತದೆ. ಅರ್ಧಕ್ಕಲ್ಲ, ಪೂರ್ತಿ ವ್ಯತ್ಯಾಸಕ್ಕೇ ಒಂದು ಸಾಲು ಹೊಂದಿದರೆ, ಆ ಸಾಲು SUM ಒಳಗೆ ಬಂದಿಲ್ಲ ಅಂತ. ಮೊದಲು ಅರ್ಧ ದಿನ ಹುಡುಕುತ್ತಿದ್ದುದು ಈಗ ಹತ್ತು ನಿಮಿಷದ ಕೆಲಸ.

ಟ್ಯಾಲಿಯಿಂದ ಎಕ್ಸೆಲ್‌ಗೆ ತಂದಾಗ ಇನ್ನೊಂದು ಪೆಟ್ಟು ತಿಂದೆ. ಅಂಕಿ ಮುಂದೆ Dr, Cr ಕಾಣುತ್ತದೆ, ಆದರೆ ಅದು ಸೆಲ್ ಫಾರ್ಮ್ಯಾಟ್ ಅಷ್ಟೇ. ಸೆಲ್ ಒಳಗೆ ಎರಡೂ ಪ್ಲಸ್. ಖರ್ಚಿನ ಲೆಡ್ಜರ್‌ನಲ್ಲಿ ಕ್ರೆಡಿಟ್ ಬ್ಯಾಲೆನ್ಸ್ ಇದ್ದರೆ, ಕಳೆಯಬೇಕಾದದ್ದು ಸುಮ್ನೆ ಕೂಡಿಕೊಂಡು ಹೋಗುತ್ತದೆ. ಇದನ್ನು ಪಟ್ಟಂತ ಹಿಡಿಯಲು ನನ್ನದೊಂದು ಉಪಾಯ ಇದೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಬಣ್ಣದ ಪ್ರಯೋಗವನ್ನೂ ಮಾಡಿದೆ. ಕೆಟ್ಟದ್ದಕ್ಕೆ ಕೆಂಪು, ಒಳ್ಳೇದಕ್ಕೆ ಹಸಿರು. ಯಜಮಾನ್ರು ಪ್ರಿಂಟ್ ತೆಗೆಸುವುದು ಕಪ್ಪು-ಬಿಳುಪಿನಲ್ಲಿ, ಎರಡೂ ಒಂದೇ ಬೂದು ಬಣ್ಣ ಕಂಡವು. ಈಗ ಪಕ್ಕದಲ್ಲಿ 'ಅನುಕೂಲ', 'ಪ್ರತಿಕೂಲ' ಅಂತ ಅಕ್ಷರದಲ್ಲೇ ಬರುತ್ತದೆ.

ಈ ತಾಳೆಗೆ ಸಿಗದ ತಪ್ಪೂ ಇದೆ. ಲಾರಿ ಬಾಡಿಗೆ ಬಿಲ್ ಇತರೆ ಖರ್ಚಿಗೆ ಹೋಗಿಬಿಟ್ಟರೆ ಮೊತ್ತ ಸರಿಯಾಗಿಯೇ ಇರುತ್ತದೆ. ಅದಕ್ಕೇ 10% ದಾಟಿದ ಪ್ರತಿ ಸಾಲಿನ ಲೆಡ್ಜರ್ ತೆರೆದು ದೊಡ್ಡ ಮೂರು ಬಿಲ್ ಕಣ್ಣಾರೆ ನೋಡುತ್ತೇನೆ. ಹೋದ ತಿಂಗಳು ಹೀಗೆ ನೋಡುವಾಗ ನಲವತ್ತು ಸಾವಿರದ ಬಿಲ್ ಎರಡು ಸಲ ಎಂಟ್ರಿ ಆಗಿದ್ದು ಸಿಕ್ಕಿತು. ಅದನ್ನು ನಮ್ಮ ಹಿರಿಯರಿಗೇ ಮೊದಲು ತೋರಿಸಿದೆ. "ನಿನ್ನ ಶೀಟ್ ನನಗೂ ಒಂದು ಕಾಪಿ ಹಾಕಪ್ಪ" ಅಂದರು.