630 ಗ್ರಾಂನಲ್ಲಿ ಒಂದು ದಿನ: ಚಾರಣದ ಒಣ ಬುತ್ತಿ, ನನ್ನ ಲೆಕ್ಕ

ಹುರಿಹಿಟ್ಟು, ಕಡ್ಲೇಬೀಜ, ಅವಲಕ್ಕಿ ನೆಚ್ಚಿಕೊಂಡು ಹಿಮಾಲಯದಲ್ಲಿ ವಾರ ನಡೀತೀನಿ ಅಂದಾಗ ತುಮಕೂರಿನ ನಮ್ಮ ಚಾರಣದ ಗುಂಪಿನಲ್ಲಿ ನಗದವರೇ ಇರಲಿಲ್ಲ. ಈಗ ಅದೇ ಮಂದಿ ಪಟ್ಟಿ ಕೇಳುತ್ತಿದ್ದಾರೆ. ಸ್ಟೌವ್, ಗ್ಯಾಸು, ಬ್ಯಾಗು ನಿಮಗೆ ಗೊತ್ತಿರುವುದೇ. ಬುತ್ತಿಯ ಲೆಕ್ಕವನ್ನಷ್ಟೇ ಹೇಳುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ಐದು ಹತ್ತು ಹೆಚ್ಚುಕಡಿಮೆ ಇರಬಹುದು.

ಮೊದಲ ಜರಡಿ ಸುಲಭ. 100 ಗ್ರಾಂಗೆ 350 ಕ್ಯಾಲೊರಿಗಿಂತ ತೀರಾ ಕಡಿಮೆ ಇದ್ದರೆ ಅದು ಬ್ಯಾಗಿಗೆ ಬೇಡ, ಯಾಕೆಂದರೆ ಅದರಲ್ಲಿ ಹೊರುತ್ತಿರುವುದು ನೀರು. ಬ್ರೆಡ್ಡು 250ರ ಆಸುಪಾಸು, ಖರ್ಜೂರ 280. ಬಿಸಿ ಮಾಡಿ ತಿನ್ನುವ ರೆಡಿ ಪಲಾವ್, ದಾಲ್ ಪೊಟ್ಟಣಗಳಂತೂ 100 ಗ್ರಾಂಗೆ 110ರಿಂದ 140 ಅಷ್ಟೇ. 300 ಗ್ರಾಂ ಹೊತ್ತರೂ 60–70 ಗ್ರಾಂ ಕಡ್ಲೇಬೀಜ ತಿಂದಷ್ಟೇ ಲಾಭ. ಇಂಥ ಪೊಟ್ಟಣ ಕೊಳ್ಳುವಾಗ ಇನ್ನೊಂದು ಮೋಸ ಇದೆ: ಮುಂದೆ ದಪ್ಪಕ್ಷರದಲ್ಲಿ ಬರೆದ ಪ್ರೋಟೀನು ಒಂದು ಸರ್ವಿಂಗಿನದೋ, ಇಡೀ ಪೊಟ್ಟಣದ್ದೋ ಇರುತ್ತದೆ. ಹಿಂದೆ ತಿರುಗಿಸಿ 100 ಗ್ರಾಂ ಕಾಲಮ್ಮು ಓದಿ.

ಎರಡನೆಯ ಜರಡಿಯಲ್ಲೇ ತುಂಬಾ ಜನ ಎಡವುವುದು. ಹೆಸರುಬೇಳೆ, ಅಕ್ಕಿ, ಹುರಳಿ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತವೆ. ಆದರೆ 4000 ಮೀಟರಿನಲ್ಲಿ ನೀರು ಕುದಿಯುವುದು 87 ಡಿಗ್ರಿ ಆಸುಪಾಸಿನಲ್ಲೇ. ಕುಕ್ಕರ್ ಇಲ್ಲದೆ ಬೇಳೆ ತುಂಬಾ ಹೊತ್ತು ಇಟ್ಟರೂ ಹಲ್ಲಿಗೆ ಸಿಗುತ್ತದೆ, ಗ್ಯಾಸು ಮಾತ್ರ ಖಾಲಿಯಾಗುತ್ತದೆ. ಹಾಗಾಗಿ ಬೇಯಿಸಬೇಕಾದ ಪದಾರ್ಥದ ತೂಕಕ್ಕೆ ಅದು ನುಂಗುವ ಗ್ಯಾಸಿನ ತೂಕವನ್ನೂ ಸೇರಿಸಿ ನೋಡಬೇಕು. ಅಕ್ಕಿಗೂ ಅವಲಕ್ಕಿಗೂ 100 ಗ್ರಾಂಗೆ ಸುಮಾರು 350 ಕ್ಯಾಲೊರಿಯೇ. ಆದರೆ ಅವಲಕ್ಕಿ ಒಮ್ಮೆ ಬೆಂದದ್ದು. ಬಿಸಿನೀರು ಕಂಡರೆ ಸಾಕು. ಅರಳು ಹುರಿದು ಬೀಸಿದ ರಾಗಿ ಹುರಿಹಿಟ್ಟು, ಹುರಿಗಡಲೆ ಇವೂ ಅದೇ ಜಾತಿ. ನಮ್ಮ ಅಜ್ಜಿಯರು ಇದನ್ನೆಲ್ಲ ಮಾಡಿಟ್ಟು ಹೋಗಿದ್ದಾರೆ, ನಾವು ತೂಗಿ ನೋಡಿರಲಿಲ್ಲ ಅಷ್ಟೆ.

ಎರಡೂ ಜರಡಿ ದಾಟಿ ಉಳಿದವುಗಳಲ್ಲಿ ಕ್ಯಾಲೊರಿ, ಪ್ರೋಟೀನು ಎರಡರಲ್ಲೂ ಗೆಲ್ಲುವುದು ಪಾವಗಡ, ಶಿರಾ ಕಡೆಯ ಕಡ್ಲೇಬೀಜ: 567 ಕ್ಯಾಲೊರಿ, 25 ಗ್ರಾಂ ಪ್ರೋಟೀನು. ಕೆನೆ ತೆಗೆಯದ ಹಾಲಿನ ಪುಡಿ ಅದರ ಹತ್ತಿರಕ್ಕೆ ಬರುತ್ತದೆ, 496ಕ್ಕೆ 26. ಉಳಿದವೆಲ್ಲ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುತ್ತವೆ. ತುಪ್ಪ 900, ಪ್ರೋಟೀನು ಸೊನ್ನೆ. ತಿಪಟೂರು ಕೊಬ್ಬರಿ 660, ಪ್ರೋಟೀನು 7. ಸೋಯಾ ತರಿ 345 ಅಷ್ಟೇ, ಆದರೆ ಪ್ರೋಟೀನು 52.

ಹಾಗೆಂದು ಕಡ್ಲೇಬೀಜವನ್ನೇ ತುಂಬಿಕೊಂಡು ಹೋದರೆ ಕೆಡುತ್ತದೆ. 3500 ಮೀಟರ್ ದಾಟಿದ ಮೇಲೆ ಹಸಿವು ಕಮ್ಮಿಯಾಗಿ ಎಣ್ಣೆಯಂಶ ಗಂಟಲಲ್ಲಿ ಇಳಿಯುವುದಿಲ್ಲ. ತಿನ್ನದೆ ವಾಪಸ್ ತಂದ ಆಹಾರದ ಕ್ಯಾಲೊರಿ ಸೊನ್ನೆ ಅಂತಲೇ ಲೆಕ್ಕ. ದಿನಕ್ಕೆ 100 ಗ್ರಾಂ ಮಿತಿ. ಹುರಿಗಡಲೆಯನ್ನೂ 100 ದಾಟಿಸಬೇಡಿ, ರಾತ್ರಿ ಟೆಂಟಿನಲ್ಲಿ ಜೊತೆಗಿರುವವರು ಶಾಪ ಹಾಕುತ್ತಾರೆ.

ನನ್ನ ಒಂದು ದಿನ ಹೀಗೆ ಕೂಡುತ್ತದೆ. ಬೆಳಗ್ಗೆ ಹುರಿಹಿಟ್ಟು 100 ಗ್ರಾಂ, ಹಾಲಿನ ಪುಡಿ 40, ಬೆಲ್ಲದ ಪುಡಿ 30: 650 ಕ್ಯಾಲೊರಿ, 17 ಗ್ರಾಂ ಪ್ರೋಟೀನು. ನಡೆಯುವಾಗ ಜೇಬಿನಲ್ಲಿ ಕಡ್ಲೇಬೀಜ 100, ಹುರಿಗಡಲೆ 60, ಕೊಬ್ಬರಿ ಚೂರು 30, ಬೆಲ್ಲ 40. ಇದು 1140 ಕ್ಯಾಲೊರಿ, 40 ಗ್ರಾಂ. ರಾತ್ರಿ ಅವಲಕ್ಕಿ 150, ಸೋಯಾ ತರಿ 30, ಚಟ್ನಿಪುಡಿ 25, ತುಪ್ಪ 25, ಅಂದರೆ 960 ಕ್ಯಾಲೊರಿ, 29 ಗ್ರಾಂ. ಒಟ್ಟು 630 ಗ್ರಾಂಗೆ 2750 ಕ್ಯಾಲೊರಿ, 86 ಗ್ರಾಂ ಪ್ರೋಟೀನು. ಸರಾಸರಿ ತೆಗೆದರೆ 100 ಗ್ರಾಂಗೆ 435 ಕ್ಯಾಲೊರಿ, ಹದಿಮೂರು ಚಿಲ್ಲರೆ ಪ್ರೋಟೀನು. ಆರು ದಿನಕ್ಕೆ 3.8 ಕೆ.ಜಿ. ರೆಡಿ ಪೊಟ್ಟಣ ನಂಬಿದರೆ ಇಷ್ಟೇ ಕ್ಯಾಲೊರಿಗೆ ದಿನವೊಂದಕ್ಕೇ ಎರಡು ಕೆ.ಜಿ. ಮೇಲೆ ಹೊರಬೇಕು.

ನಿಮ್ಮ ಮೈತೂಕ ಬೇರೆ, ದಾರಿ ಬೇರೆ. ಹಾಗಾಗಿ ಪಟ್ಟಿಗಿಂತ ಅದಲುಬದಲು ಮಾಡುವ ಬಗೆ ಮುಖ್ಯ. ಒಟ್ಟು ತೂಕ ಏರಿಸದೆ ಪ್ರೋಟೀನು ಬೇಕೆಂದರೆ 20 ಗ್ರಾಂ ಅವಲಕ್ಕಿ ತೆಗೆದು 20 ಗ್ರಾಂ ಸೋಯಾ ಹಾಕಿ. ಎರಡರ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಏನೂ ಕಳೆಯುವುದಿಲ್ಲ, 9 ಗ್ರಾಂ ಪ್ರೋಟೀನು ಹೆಚ್ಚುತ್ತದೆ. ಕ್ಯಾಲೊರಿ ಸಾಲದಿದ್ದರೆ 10 ಗ್ರಾಂ ಬೆಲ್ಲದ ಜಾಗದಲ್ಲಿ 10 ಗ್ರಾಂ ತುಪ್ಪ. 52 ಕ್ಯಾಲೊರಿ ಪುಕ್ಕಟೆ. ಬೆಲ್ಲವನ್ನು ಪೂರ್ತಿ ತೆಗೆಯಬೇಡಿ, ಏರು ಹತ್ತುವಾಗ ತಕ್ಷಣ ಕೈಹಿಡಿಯುವುದು ಅದೇ.

ದುಡ್ಡಿನ ಮಾತಿಗೆ ಬಂದರೆ, ಈ 630 ಗ್ರಾಂಗೆ ದಿನಕ್ಕೆ 100ರಿಂದ 120 ರೂಪಾಯಿ. ಅದರಲ್ಲಿ ಹಾಲಿನ ಪುಡಿ, ತುಪ್ಪದ್ದೇ ಮೂರನೇ ಒಂದು ಪಾಲು. ಕೊಬ್ಬರಿ ರೇಟು ಏರಿದ ವರ್ಷ ಅದನ್ನು 15 ಗ್ರಾಂಗೆ ಇಳಿಸಿ ಎಳ್ಳು ಸೇರಿಸಿದರೂ ನಡೆದೀತು. 60 ಗ್ರಾಮಿನ ಪ್ರೋಟೀನ್ ಬಾರ್ ಒಂದಕ್ಕೇ ನೂರರ ಹತ್ತಿರ ಕೊಡಬೇಕು, ಸಿಗುವುದು 20 ಗ್ರಾಂ ಪ್ರೋಟೀನು. ತೂಕದ ಲೆಕ್ಕದಲ್ಲಿ ನನ್ನ ಬುತ್ತಿಯ ಸರಾಸರಿಗೆ ಬಾರ್ ಸೋಲುವುದಿಲ್ಲ, ಒಪ್ಪುತ್ತೇನೆ. ಆದರೆ 40 ಗ್ರಾಂ ಸೋಯಾದಲ್ಲಿ ಅಷ್ಟೇ ಪ್ರೋಟೀನು ಏಳೆಂಟು ರೂಪಾಯಿಗೆ ಬರುತ್ತದೆ.

ಕೆಡುವುದು ಎಲ್ಲೆಲ್ಲಿ? ಕಡ್ಲೇಬೀಜ, ಕೊಬ್ಬರಿ ಪುಡಿ ಮಾಡಿದರೆ ಬೇಗ ಕಮಟುತ್ತದೆ, ಅದೂ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ. ಬೀಜ ಇಡಿಯಾಗಿ, ಕೊಬ್ಬರಿ ಚೂರಾಗಿ ಇರಲಿ. ಹುರಿದ ಮೇಲೆ ಪೂರ್ತಿ ಆರದೆ ಕವರಿಗೆ ತುಂಬಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ಎರಡು ಬೀಜ ಹಿಸುಕಿ ಟಕ್ ಅಂತ ಒಡೆಯುತ್ತದಾ ನೋಡಿ. ಬೆಲ್ಲದ ಪಾಕದ ಉಂಡೆ ಚಳಿಯಲ್ಲಿ ಕಲ್ಲಾಗಿ ಹಲ್ಲು ಬೇಡುತ್ತದೆ, ಅದಕ್ಕೇ ನಾನು ಪುಡಿಗೆ ಬಂದದ್ದು. (ಕಲ್ಲಾಗದ ಉಂಡೆಗೆ ಒಂದು ಉಪಾಯ ಇದೆ, ಅದು ಸದ್ಯ ನನ್ನಲ್ಲೇ ಇರಲಿ.) ಹುರಿಹಿಟ್ಟಿಗೆ ಬಿಸಿನೀರು ನೇರ ಸುರಿದರೆ ಗಂಟು ಕಟ್ಟುತ್ತದೆ. ಹಿಟ್ಟು, ಹಾಲಿನ ಪುಡಿ, ಬೆಲ್ಲ ಮೂರನ್ನೂ ಮನೆಯಲ್ಲೇ ಒಣದಾಗಿ ಬೆರೆಸಿಟ್ಟುಕೊಂಡು, ಮೊದಲು ತಣ್ಣೀರಲ್ಲಿ ಕಲಸಿ, ಆಮೇಲೆ ಬಿಸಿನೀರು. 100 ಗ್ರಾಂ ಹಿಟ್ಟಿಗೆ ಒಟ್ಟು 400 ಮಿ.ಲೀ. ಬೇಕು, ನೀರು ಸಿಗದ ಕ್ಯಾಂಪಿನಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಸೋಯಾ ದಪ್ಪ ಉಂಡೆ ಬೇಡ, ತರಿಯೇ ಇರಲಿ: ಬಿಸಿನೀರಲ್ಲಿ ಹತ್ತು ನಿಮಿಷ ಮುಚ್ಚಿಟ್ಟು ಹಿಂಡಿದರೆ ಆಯಿತು. ಪೇಪರ್ ಅವಲಕ್ಕಿ ಗಂಜಿಯಾಗುತ್ತದೆ, ಗಟ್ಟಿ ಅವಲಕ್ಕಿಯೇ ಸರಿ.

ಮೂರನೇ ದಿನದಿಂದ ಸಿಹಿ ಕಂಡರೆ ಆಗುವುದಿಲ್ಲ. ರಾತ್ರಿಯೂಟವನ್ನು ಪೂರ್ತಿ ಖಾರ ಮಾಡಿದ್ದು ಅದಕ್ಕೇ. ಈ ನೆಪದಲ್ಲಿ ಕೋಲಾರದ ಟೊಮ್ಯಾಟೊ ರೇಟು ಬಿದ್ದಾಗ ತಂದು ಒಣಗಿಸಿದ್ದೂ ಆಯಿತು. ತೆಳ್ಳಗೆ ಹೆಚ್ಚಿ, ಉಪ್ಪು ಚಿಮುಕಿಸಿ, ಒಳ್ಳೇ ಬಿಸಿಲಲ್ಲಿ ಮೂರು ನಾಲ್ಕು ದಿನ. ಒಂದು ಕೆ.ಜಿ.ಗೆ 50–60 ಗ್ರಾಂ ಕೈಗೆ ಬರುತ್ತದೆ. ಕ್ಯಾಲೊರಿಗೆ ನಗಣ್ಯ, ಆದರೆ ರಾತ್ರಿಗೆ 5 ಗ್ರಾಂ ಪುಡಿ ಹಾಕಿದರೆ ಅವಲಕ್ಕಿ ತಟ್ಟೆ ಖಾಲಿಯಾಗುತ್ತದೆ. ಚರ್ಮದಂತೆ ಬಾಗಿದರೆ ಇನ್ನೂ ತೇವ ಇದೆ, ಮುರಿದರೆ ಚೂರಾಗಬೇಕು. ಹುರಳಿಯನ್ನೂ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿ ನೋಡಿದ್ದಾಯಿತು. 22 ಗ್ರಾಂ ಪ್ರೋಟೀನು, ಸಾರಿನ ರುಚಿ ಬಲು ಚೆನ್ನ, ಆದರೆ ಸಿಪ್ಪೆ ನಾಲಿಗೆಗೆ ತರಿತರಿ. ಎರಡು ಸಲ ಜರಡಿ ಹಿಡಿದರೆ ಪರವಾಗಿಲ್ಲ. ಈಗ ಹುರಿಗಡಲೆಯಲ್ಲಿ 20 ಗ್ರಾಂ ಕಮ್ಮಿ ಮಾಡಿ ಇದನ್ನು ರಾತ್ರಿಗೆ ಸೇರಿಸುತ್ತಿದ್ದೇನೆ.