ಅಂಟಿಲ್ಲ, ಹೊಲಿಗೆಯಿಲ್ಲ: ಟೆರಿಜಿಯಂಗೆ ರೋಗಿಯ ರಕ್ತದಲ್ಲೇ ಗ್ರಾಫ್ಟ್ (ನನ್ನ ಅನುಭವ)

ಟೆರಿಜಿಯಂ ಅಂದರೆ ಬಿಳಿಗುಡ್ಡೆಯಿಂದ ಕಾರ್ನಿಯಾ ಮೇಲೆ ಬೆಳೆಯುವ ಮಾಂಸ. ಅದನ್ನು ತೆಗೆದ ಜಾಗಕ್ಕೆ ಬಿಳಿಗುಡ್ಡೆಯ ಮೇಲಿನ ತೆಳು ಪದರವಾದ ಕಂಜಂಕ್ಟೈವಾದ ತುಂಡನ್ನು, ಅಂದರೆ ಗ್ರಾಫ್ಟ್ ಅನ್ನು, ಕೂರಿಸೋಕೆ ರೋಗಿಯ ರಕ್ತವೇ ಸಾಕು ಅಂದಾಗ ನಮ್ಮ ಕೋಲಾರದ ಕಡೆಯ ಡಾಕ್ಟರುಗಳು ಬಹಳ ಜನ ನಂಬಲಿಲ್ಲ. "ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಗ್ರಾಫ್ಟ್ ಪಟ್ಟಿಯಲ್ಲೇ ಇರುತ್ತೆ ನೋಡಿ" ಅಂದರು. ಈಗ ಅವರಲ್ಲೇ ಇಬ್ಬರು ಮೂವರು ಬಂದು ನೋಡಿಕೊಂಡು ಹೋಗಿದ್ದಾರೆ.

ನಾನು ಇದಕ್ಕೆ ಕೈ ಹಾಕಿದ್ದು ದುಡ್ಡಿನ ಕಾರಣಕ್ಕೆ. ಫೈಬ್ರಿನ್ ಅಂಟಿನ ಒಂದು ಪ್ಯಾಕ್ ಆಗ ಐದಾರು ಸಾವಿರ ಇತ್ತು. ಒಂದೇ ದಿನ ನಾಲ್ಕು ಜನರನ್ನು ಸೇರಿಸಿ ಹಂಚಿಕೊಂಡರೆ ಗಿಟ್ಟುತ್ತೆ. ಆದರೆ ಟೊಮೆಟೊ ಕೀಳುವ ಕಾಲದಲ್ಲಿ ನಾಲ್ಕು ಜನ ಒಟ್ಟಿಗೆ ಎಲ್ಲಿ ಸಿಗ್ತಾರೆ? ಹೊಲಿಗೆ ಹಾಕಿದರೆ ಖರ್ಚು ಕಡಿಮೆ, ಆದರೆ ಎರಡು ವಾರ ಚುಚ್ಚುತ್ತೆ, ನೀರು ಸುರಿಯುತ್ತೆ. ಏನೂ ಮುಚ್ಚದೆ ಸ್ಕ್ಲೆರಾ ಹಾಗೇ ಬಿಟ್ಟರೆ ಮತ್ತೆ ಬೆಳೆಯುತ್ತೆ, ಅದು ನಿಮಗೂ ಗೊತ್ತು.

ಬಂದವರಿಗೆಲ್ಲ ನಾನು ಆಪರೇಷನ್ ಹೇಳೋದಿಲ್ಲ. ಬಿಳಿಗುಡ್ಡೆಯಲ್ಲೇ ನಿಂತಿರುವ, ಕೆಂಪಿಲ್ಲದ, ಬೆಳೆಯದ ಮಾಂಸಕ್ಕೆ ಡ್ರಾಪ್ಸ್ ಕೊಟ್ಟು, ಫೋನಲ್ಲಿ ಫೋಟೋ ತೆಗೆದಿಟ್ಟುಕೊಂಡು ಆರು ತಿಂಗಳು ಬಿಟ್ಟು ಬನ್ನಿ ಅಂತೀನಿ. ತುದಿಯ ಮುಂದೆ ಕಂದು ಬಣ್ಣದ ಸ್ಟಾಕರ್ ಗೆರೆ ಕಂಡರೆ ಬಹಳ ದಿನದಿಂದ ನಿಂತೇ ಇದೆ ಅಂತ ಊಹಿಸಬಹುದು, ಆದರೂ ಫೋಟೋದ ಮೇಲೆ ನನಗೆ ನಂಬಿಕೆ ಜಾಸ್ತಿ. ಕಾರ್ನಿಯಾ ಮೇಲೆ ಮೂರು ಮಿಲಿಮೀಟರ್ ದಾಟಿದರೆ, ಕನ್ನಡಕದ ಸಿಲಿಂಡರ್ ಪವರ್ ಏರುತ್ತಾ ಹೋದರೆ, ಪಾಪೆಯ ಕಡೆ ಬಂದರೆ, ಕಣ್ಣು ಹೊರಗೆ ತಿರುಗಿಸುವಾಗ ಎಳೆದರೆ ತೆಗೆಯಬೇಕು. ಪೊರೆ ಆಪರೇಷನ್ ಬೇಕಾದವರಿಗೆ ಮೊದಲು ಇದನ್ನೇ ತೆಗೆದು, ಎರಡು ಮೂರು ತಿಂಗಳು ಬಿಟ್ಟು ಲೆನ್ಸಿನ ಅಳತೆ ಮಾಡಿ.

ಶ್ರೀನಿವಾಸಪುರದ ಕಡೆಯ ಒಬ್ಬ ಬೆಳೆಗಾರರು, ವಯಸ್ಸು ಐವತ್ತರ ಹತ್ತಿರ. ಬಲಗಣ್ಣಲ್ಲಿ ಮೂಗಿನ ಕಡೆಯಿಂದ ಮೂರೂವರೆ ಮಿಲಿಮೀಟರ್ ಬಂದಿತ್ತು, ಸಿಲಿಂಡರ್ ಮೂರರ ಹತ್ತಿರ. "ಕನ್ನಡಕ ಎರಡು ಸಲ ಬದಲಾಯಿಸಿದೆ ಸಾರ್, ಮಂಡೀಲಿ ಚೀಟಿ ಓದೋಕೇ ಆಗಲ್ಲ" ಅಂದರು. ಪ್ಲೇನ್ ಲಿಗ್ನೋಕೇನ್ ಕೊಟ್ಟೆ. ಈ ವಿಧಾನಕ್ಕೆ ಅಡ್ರಿನಲಿನ್ ಸೇರಿಸಬೇಡಿ, ರಕ್ತ ಜಿನುಗೋದೇ ನಿಂತುಹೋಗುತ್ತೆ. ತುದಿ ಬಿಡಿಸಿ, ಕಂಜಂಕ್ಟೈವಾದ ಕೆಳಗಿನ ನಾರಿನ ಪದರ ಟೆನಾನ್ ಚೆನ್ನಾಗಿ ತೆಗೆದು, ಕಾಟರಿ ಮುಟ್ಟದೆ ಬಿಟ್ಟೆ. ಮೇಲಿನ ರೆಪ್ಪೆಯಡಿಯ ಕಂಜಂಕ್ಟೈವಾದಿಂದ ಜಾಗಕ್ಕಿಂತ ಎಲ್ಲಾ ಕಡೆ ಅರ್ಧ ಮಿಲಿಮೀಟರ್ ದೊಡ್ಡದಾಗಿ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ ಗ್ರಾಫ್ಟ್ ತೆಗೆದೆ. ಕಾರ್ನಿಯಾ ಬಿಳಿಗುಡ್ಡೆ ಸೇರುವ ಗಡಿಯೇ ಲಿಂಬಸ್, ಗ್ರಾಫ್ಟಿನ ಲಿಂಬಸ್ ಅಂಚು ಲಿಂಬಸ್ ಕಡೆಗೇ ಬರಬೇಕು. ಕೂರಿಸಿ, ಅಂಚುಗಳನ್ನು ಜೋಡಿಸಿ, ಹತ್ತು ನಿಮಿಷ ಸುಮ್ನೆ ಒತ್ತಿ ಹಿಡಿದೆ. ನಂತರ ಕಣ್ಣು ನಾಲ್ಕು ಕಡೆ ತಿರುಗಿಸಿ ಅಂದೆ, ಅಲ್ಲಾಡಲಿಲ್ಲ. ಒಂದು ದಿನ ಬಿಗಿ ಪಟ್ಟಿ. ಗ್ರಾಫ್ಟ್ ಮಗುಚಿಕೊಳ್ಳದ ಹಾಗೆ ದಾಟಿಸೋಕೆ ನನ್ನದೇ ಒಂದು ರೀತಿ ಇದೆ, ಅದನ್ನು ಥಿಯೇಟರಿಗೆ ಬಂದವರಿಗೇ ತೋರಿಸೋದು.

ಶುರುವಿನಲ್ಲಿ ಕೆಲವು ಗ್ರಾಫ್ಟ್ ಜಾರಿದವು. ಜಾರಿದ್ದು ಹೆಚ್ಚಾಗಿ ಮೊದಲ ಎರಡು ಮೂರು ದಿನದಲ್ಲಿ. ಹೆಚ್ಚಿನವುಗಳ ಹಿಂದೆ ಮೂರು ಕಾರಣ ಕಂಡವು: ಗ್ರಾಫ್ಟಿಗೆ ಅಂಟಿಕೊಂಡು ಬಂದ ಟೆನಾನ್, ಅಳತೆ ಚಿಕ್ಕದಾಗಿ ಎಳೆತ ಬಿದ್ದದ್ದು, ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಗುಡ್ಡೆಯಾದದ್ದು. ರಕ್ತದ ತೆಳು ಪದರ ಬೇಕು, ಉಂಡೆ ಬೇಡ. ಉಬ್ಬಿದ ಹಾಗೆ ಕಂಡರೆ ಅಲ್ಲೇ ಎತ್ತಿ, ಒರೆಸಿ, ಮತ್ತೆ ಕೂರಿಸಿ. ಆಪರೇಷನ್ ಆದ ಆರು ಗಂಟೆಯೊಳಗೆ ಕಣ್ಣು ಉಜ್ಜಿಕೊಂಡವರದ್ದೂ ಹೋಯಿತು, ಅದಕ್ಕೇ ರಾತ್ರಿ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಶೀಲ್ಡ್ ಕಡ್ಡಾಯ ಮಾಡಿದ್ದೀನಿ.

ಮಧ್ಯೆ ಎರಡು ಮೂಲೆಗೆ ಒಂದೊಂದು ಹೊಲಿಗೆ ಹಾಕಿ ನೋಡಿದೆ. ಗ್ರಾಫ್ಟ್ ನಿಂತಿತು, ಆದರೆ ಹೊಲಿಗೆಯ ಚುಚ್ಚುವಿಕೆ ವಾಪಸ್ ಬಂತು, ಬಿಟ್ಟೆ. ಗ್ಲಾಕೋಮಾ ಇರುವವರಿಗೆ ಕೆಳಗಿನಿಂದ ಗ್ರಾಫ್ಟ್ ತೆಗೆಯೋದು ಮಾತ್ರ ಚೆನ್ನಾಗಿ ಒಗ್ಗಿತು, ಮೇಲಿನ ಜಾಗ ಮುಂದಿನ ಆಪರೇಷನ್‌ಗೆ ಉಳಿಯುತ್ತೆ. ಇನ್ನೊಂದು, ಬಿಸಿಲು ತಡೆಯೋದು: ತಲೆಗೆ ಟವಲ್ ಸುತ್ತಿದರೆ ಕಣ್ಣಿಗೆ ನೆರಳಾಗಲ್ಲ. ಅಗಲ ಅಂಚಿನ ಟೋಪಿ ಮತ್ತು ಪಕ್ಕ ಮುಚ್ಚುವ ಯುವಿ ಕನ್ನಡಕ ಕೊಟ್ಟು ನೋಡಿದೆ. ಟೋಪಿ ಹಾಕ್ತಾರೆ, ಕನ್ನಡಕ ಬೆವರಿಗೆ ಮಬ್ಬಾಗುತ್ತೆ ಅಂತ ತೆಗೆದಿಡ್ತಾರೆ.

ಆ ಬೆಳೆಗಾರರಿಗೆ ಸ್ಟಿರಾಯ್ಡ್ ಡ್ರಾಪ್ಸ್ ಆರು ವಾರ ಇಳಿಸುತ್ತಾ ಬಂದೆ, ಪ್ರತಿ ಭೇಟಿಯಲ್ಲೂ ಕಣ್ಣಿನ ಪ್ರೆಶರ್ ನೋಡಿದೆ. ಎರಡು ತಿಂಗಳಿಗೆ ಸಿಲಿಂಡರ್ ಒಂದರ ಹತ್ತಿರ ಬಂತು. ಮರಳಿ ಬೆಳೆಯೋದಾದರೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ತಿಳಿಯುತ್ತೆ, ಅವರದ್ದು ಅದನ್ನು ದಾಟಿದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ, ಈಗಾಗಲೇ ಒಮ್ಮೆ ತೆಗೆಸಿ ಮರಳಿ ಬಂದವರಿಗೆ ಮಾತ್ರ ಇಂದಿಗೂ ಅಂಟೇ ತರಿಸುತ್ತೇನೆ. ತೆಗೆದ ತುಣುಕು ಒರಟಾಗಿ, ಬಿಳಿ ಚುಕ್ಕೆಯ ಹಾಗೆ ಕಂಡರೆ ಬಯಾಪ್ಸಿಗೆ ಕಳಿಸದೆ ಬಿಡಬೇಡಿ, ಬಿಸಿಲಲ್ಲಿ ದುಡಿಯುವವರಲ್ಲಿ ಕಂಜಂಕ್ಟೈವಾದ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತೆ.