ಬಿಪಿ ಇಳಿಯಿತು ನಿಜ, ಇಳಿಸಿದ್ದು ಯಾವುದು? ಲೆಕ್ಕ ಹಾಕುವುದು ಹೀಗೆ

ಗುಳೇದಗುಡ್ಡದ ಒಂದು ಬಿಪಿ ಶಿಬಿರದಲ್ಲಿ ನಾನು ಅಂಕಿ ಬರೆದುಕೊಳ್ಳಲು ಕೂತಿದ್ದೆ. ಬಿಸಿಲಲ್ಲಿ ನಡೆದು ಬಂದ ಅಜ್ಜಿಯೊಬ್ಬರಿಗೆ ಮೇಲಿನ ಅಂಕಿ 162 ಬಂತು. "ಯವ್ವಾ, ಸ್ವಲ್ಪ ಕೂಡ್ರಿ" ಎಂದು ನರ್ಸ್ ಬೆಂಚು ತೋರಿಸಿದರು. ಹತ್ತು ನಿಮಿಷ ಬಿಟ್ಟು ಅದೇ ತೋಳಿಗೆ ಅದೇ ಪಟ್ಟಿ ಸುತ್ತಿ ನೋಡಿದರೆ 148! ನಡುವೆ ಅಜ್ಜಿ ಕುಡಿದದ್ದು ಒಂದು ಲೋಟ ನೀರು, ಅಷ್ಟೇ. ನಮ್ಮ ಹಾಳೆಯಲ್ಲಿ ಇದ್ದದ್ದು ಒಂದೇ ಖಾನೆ. ಅದರಲ್ಲಿ ಆಗಲೇ 162 ಬರೆದಾಗಿತ್ತು.

ಆ ಅಜ್ಜಿಗೆ ಎರಡು ತಿಂಗಳು ಯಾವುದೋ ಪಥ್ಯ ಹೇಳಿ, ಮತ್ತೆ ನೋಡಿದಾಗ 148 ಬಂದರೆ ನಾವು ಏನೆನ್ನುತ್ತಿದ್ದೆವು? ಪಥ್ಯದಿಂದ 14 ಇಳಿಯಿತು ಅಂತ, ಅಲ್ವಾ? ಒಬ್ಬರ ಬಿಪಿ ದಿನವೂ ಏರಿಳಿಯುತ್ತದೆ. ಅಂದು ಏರಿದ್ದವರೇ ಹೆಚ್ಚಾಗಿ ನಮ್ಮ ಪಟ್ಟಿಗೆ ಸೇರುತ್ತಾರೆ. ಮುಂದಿನ ಸಲ ಅವರು ತಮ್ಮ ಮಾಮೂಲಿ ಮಟ್ಟಕ್ಕೆ ಮರಳುತ್ತಾರೆ. ಇದಕ್ಕೆ 'ರಿಗ್ರೆಶನ್ ಟು ದ ಮೀನ್' ಎನ್ನುತ್ತಾರೆ, ಅಂದರೆ ಸರಾಸರಿಯ ಕಡೆಗೆ ಮರಳುವುದು. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇದನ್ನು ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ತೋರಿಸಿದ್ದರು.

ಈ ಮರಳುವಿಕೆ ಎಷ್ಟು ಎಂದು ಲೆಕ್ಕ ಹಾಕಬಹುದು. ಲೆಕ್ಕಕ್ಕಾಗಿ ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ಊರಿನ 300 ಜನರ ಬಿಪಿ ನೋಡಿದೆವು, ಸರಾಸರಿ 130. ಅದರಲ್ಲಿ 150 ದಾಟಿದ 32 ಜನರನ್ನು ಆರಿಸಿದೆವು. ಅವರ ಸರಾಸರಿ 158. ಎರಡು ತಿಂಗಳು ಉಪ್ಪು ಕಡಿಮೆ ಮಾಡಿಸಿದೆವು. ಈಗ ಅವರ ಸರಾಸರಿ 147. ಇಳಿದದ್ದು 11.

ಮೊದಲು ಬೇಕಾದದ್ದು, ಒಬ್ಬರ ಎರಡು ಅಳತೆಗಳು ಎಷ್ಟು ಹೊಂದುತ್ತವೆ ಎಂಬುದು. ಇದಕ್ಕೆ ಯಾವ ಪಥ್ಯವೂ ಇಲ್ಲದೆ, ಕೆಲವು ವಾರ ಬಿಟ್ಟು, ಎಲ್ಲ 300 ಜನರನ್ನೂ ಎರಡು ಸಲ ನೋಡಬೇಕು. ಮೊದಲ ಅಳತೆ B ಕಾಲಂನಲ್ಲಿ, ಎರಡನೆಯದು C ಕಾಲಂನಲ್ಲಿ ಇದ್ದರೆ ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು:

```
=CORREL(B2:B301,C2:C301)
```

ಇಲ್ಲಿ ಬಹಳ ಜನ ಎಡವುತ್ತಾರೆ. ಬರೀ ಆ 32 ಜನರ ಅಂಕಿ ಹಾಕಿದರೆ ಹೊಂದಿಕೆ ನಿಜಕ್ಕಿಂತ ತೀರಾ ಕಡಿಮೆ ಕಾಣುತ್ತದೆ, ಏಕೆಂದರೆ ಅವರೆಲ್ಲರೂ ಒಂದೇ ತುದಿಯವರು. ಎಲ್ಲರನ್ನೂ ಸೇರಿಸಿದಾಗ 0.75 ಬಂತು ಎಂದುಕೊಳ್ಳಿ.

ಇನ್ನು ಗುಣಾಕಾರ. ಆರಿಸಿದವರು ಊರಿನ ಸರಾಸರಿಗಿಂತ 28 ಮೇಲಿದ್ದಾರೆ. 28ರಲ್ಲಿ 0.75 ಪಾಲು ಅಂದರೆ 21. ಅಷ್ಟು ಮಾತ್ರ ಎರಡನೇ ಸಲವೂ ಉಳಿಯುತ್ತದೆ. 130ಕ್ಕೆ 21 ಕೂಡಿಸಿ, 151. ಉಪ್ಪು ಮುಟ್ಟದೆ, ಏನೂ ಮಾಡದೆ ಸುಮ್ನೆ ಬಿಟ್ಟಿದ್ದರೂ 158 ಇದ್ದದ್ದು 151ಕ್ಕೆ ಬರುತ್ತಿತ್ತು. 11ರಲ್ಲಿ 7 ಹೀಗೆ ಹೋಯಿತು. ಉಳಿದ 4 ಉಪ್ಪಿನದೇ ಇರಬಹುದು. ಎರಡನೇ ಸಲಕ್ಕೆ ಜನರಿಗೆ ಯಂತ್ರದ ಅಂಜಿಕೆ ಕಡಿಮೆಯಾದದ್ದೂ ಅದರಲ್ಲಿ ಸೇರಿರಬಹುದು.

ಅನುಮಾನವಿದ್ದರೆ ಪಟ್ಟಿಯ ಇನ್ನೊಂದು ತುದಿ ನೋಡಿ. ಮೊದಲ ಸಲ 110ಕ್ಕಿಂತ ಕೆಳಗಿದ್ದವರ ಸರಾಸರಿ ಎರಡನೇ ಸಲ ಮೇಲೇರಿರುತ್ತದೆ. ಅವರಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ನನಗಂತೂ ಇದಕ್ಕಿಂತ ಒಳ್ಳೆಯ ಸಾಕ್ಷಿ ಗೊತ್ತಿಲ್ಲ.

ತಪ್ಪಿಸುವುದು ಹೇಗೆ? ಹಾಳೆಯಲ್ಲಿ ಎರಡು ಖಾನೆ ಇಡಿ. ಮೊದಲ ಅಳತೆ ಆರಿಸಲು ಮಾತ್ರ. ಬೇರೊಂದು ದಿನ ಮತ್ತೆ ಅಳೆದು, ಅದನ್ನೇ 'ಮೊದಲು' ಎಂದು ಹಿಡಿಯಿರಿ. ಎರಡರ ಸರಾಸರಿ ತೆಗೆಯಬೇಡಿ, ಮೊದಲನೆಯದರ ಏರಿಕೆ ಅದರಲ್ಲಿ ಅರ್ಧ ಉಳಿದುಬಿಡುತ್ತದೆ. ಎರಡನೇ ಸಲ 150 ದಾಟದವರನ್ನು ಕೈಬಿಡಲೂ ಬೇಡಿ. ಹಾಗೆ ಮಾಡಿದರೆ ಅಂದು ಏರಿದ್ದವರನ್ನೇ ಮತ್ತೆ ಆರಿಸಿದಂತಾಗುತ್ತದೆ.

ಅಂಜಿಕೆ, ಹವೆ, ಊಟ ಎಲ್ಲವನ್ನೂ ಕಳೆಯಬೇಕಾದರೆ ಮಾತ್ರ ಚೀಟಿ ಎತ್ತಲೇಬೇಕು. ಆರಿಸಿದವರಲ್ಲಿ ಅರ್ಧ ಜನಕ್ಕೆ ಉಪ್ಪಿನ ಪಥ್ಯ, ಇನ್ನರ್ಧ ಜನ ಮೊದಲಿನಂತೆಯೇ. ಮಾತ್ರೆ ತಗೊಳ್ಳುವವರು ಎರಡೂ ಗುಂಪಿನಲ್ಲಿ ಅದನ್ನು ನಿಲ್ಲಿಸಬಾರದು. ಮರಳುವಿಕೆ ಎರಡೂ ಕಡೆ ಒಂದೇ ಇರುವುದರಿಂದ ಗುಂಪುಗಳ ನಡುವಿನ ವ್ಯತ್ಯಾಸವೇ ಪಥ್ಯದ ಕೆಲಸ.

ಆದರೆ 32 ಜನರನ್ನು ಒಡೆದರೆ ಗುಂಪಿಗೆ ಬರೀ 16. ಅಷ್ಟರಲ್ಲಿ 4ರ ವ್ಯತ್ಯಾಸ ಆಕಸ್ಮಿಕವಾಗಿಯೂ ಬರುತ್ತದೆ. ನಮ್ಮ ಈ ಅಂಕಿಗಳಿಗೆ ಗುಂಪಿಗೆ ಸುಮಾರು 120 ಜನ ಬೇಕು. ಎರಡೂ ಗುಂಪಿಗೆ ಸೇರಿ 240. 150 ದಾಟುವವರು 300ರಲ್ಲಿ 32 ಜನ. ಅಂದರೆ ಶಿಬಿರದಲ್ಲಿ ಪಟ್ಟಿ ಸುತ್ತಬೇಕಾದದ್ದು 300 ತೋಳಿಗಲ್ಲ, ಸುಮಾರು 2,250 ತೋಳಿಗೆ.